ಡಿಟಿಪಿ ಅಂಗಡಿಯ ಕೆಲಸದಿಂದ ಪೋರ್ಟ್‌ಫೋಲಿಯೊ ಕಟ್ಟುವ ಬಗೆ: ಡಿಸೈನರ್‌ಗಳಿಗೂ ಬರಹಗಾರರಿಗೂ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಡಿಸೈನ್ ಕಲಿತ ಅನೇಕರ ಮೊದಲ ನೌಕರಿ ಡಿಟಿಪಿ ಅಂಗಡಿಯಲ್ಲೋ ಫ್ಲೆಕ್ಸ್ ಮುದ್ರಿಸುವಲ್ಲೋ ಶುರುವಾಗುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಬ್ಯಾನರ್, ಸಹಕಾರಿ ಸಂಘದ ವಾರ್ಷಿಕ ವರದಿ, ಮಿಠಾಯಿ ಡಬ್ಬಿ ಹೀಗೆ ನೂರಾರು ಕೆಲಸಗಳು ಕೈದಾಟಿ ಹೋಗಿರುತ್ತವೆ. ಆದರೆ ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಸಂಸ್ಥೆಯೊಂದು ಪೋರ್ಟ್‌ಫೋಲಿಯೊ ಕಳಿಸಿ ಎಂದ ದಿನ, ನಲವತ್ತು ಜೆಪಿಜಿಗಳನ್ನು ಒಂದೇ ಫೋಲ್ಡರಿಗೆ ತುಂಬಿ ಲಿಂಕ್ ಕಳಿಸುವುದೇ ರೂಢಿಯಾಗಿದೆ. ನೋಡುವವರಿಗೆ ಅದರಲ್ಲಿ ಯಾವುದು ಯಾರ ಕೆಲಸ, ಗಿರಾಕಿ ಕೇಳಿದ್ದೇನು, ಹೀಗೇ ಏಕೆ ಮಾಡಲಾಯಿತು ಎಂಬುದು ತಿಳಿಯುವುದಿಲ್ಲ. ತಿಳಿಯದಿದ್ದರೆ ಅವರು ಕೇಳುವುದೂ ಇಲ್ಲ, ಮುಂದಿನ ಅರ್ಜಿಯನ್ನು ತೆರೆಯುತ್ತಾರೆ.

ಆದ್ದರಿಂದ ಈ ಬರಹದಲ್ಲಿ ಒಂದೇ ಒಂದು ಕೆಲಸವನ್ನು ಒಂದು ಪೂರ್ಣ ಪುಟವಾಗಿ ಬೆಳೆಸುವುದು ಹೇಗೆಂದು ವಿವರವಾಗಿ ನೋಡೋಣ. ಒಂದು ಪುಟ ಸರಿಯಾಗಿ ಬಂದರೆ ಉಳಿದ ನಾಲ್ಕೈದು ಪುಟಗಳು ಅದೇ ಜಾಡಿನಲ್ಲಿ ಬರುತ್ತವೆ. ಉದಾಹರಣೆಗಾಗಿ, ಬಾಗಲಕೋಟೆಯ ಡಿಟಿಪಿ ಅಂಗಡಿಯೊಂದರಲ್ಲಿ ದುಡಿಯುವ ಡಿಸೈನರ್ ಒಬ್ಬರು ಅಮೀನಗಡದ ಕರದಂಟಿನ ಅಂಗಡಿಗೆ ಅರ್ಧ ಕಿಲೋ ಡಬ್ಬಿ ಮಾಡಿಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳೋಣ.

ಮೊದಲು ಫೈಲ್‌ಗಳನ್ನು ಉಳಿಸಿಕೊಳ್ಳಿ

ಪೋರ್ಟ್‌ಫೋಲಿಯೊ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಅಂಗಡಿಯ ಕಂಪ್ಯೂಟರ್ ತುಂಬಿದಾಗ ಹಳೆಯ ಫೈಲ್‌ಗಳನ್ನು ಅಳಿಸಿಬಿಡುತ್ತಾರೆ, ಅಥವಾ ಇನ್ನೊಬ್ಬ ಗಿರಾಕಿಗಾಗಿ ಅದೇ ಫೈಲಿನ ಮೇಲೆ ಬರೆದು ಉಳಿಸುತ್ತಾರೆ. ಅದಕ್ಕಾಗಿ ಪ್ರತಿ ಒಳ್ಳೆಯ ಕೆಲಸ ಮುಗಿದ ದಿನವೇ, ಅಂಗಡಿಯ ಮಾಲೀಕರಿಗೆ ಹೇಳಿ, ನಾಲ್ಕು ಸಂಗತಿಗಳನ್ನು ತೆಗೆದಿಡಬೇಕು: ಮುದ್ರಣಕ್ಕೆ ಹೋದ ಪಿಡಿಎಫ್, ಗಿರಾಕಿ ತಂದ ಹಳೆಯ ಮಾದರಿಯ ಫೋಟೋ, ಒಪ್ಪಿಗೆಯಾಗದ ಒಂದೆರಡು ಕರಡುಗಳು, ಮತ್ತು ತಿದ್ದುಪಡಿ ಗುರುತು ಹಾಕಿದ ಪ್ರೂಫ್. ಕೊನೆಯ ಎರಡನ್ನು ಎಲ್ಲರೂ ಕಸವೆಂದು ಎಸೆಯುತ್ತಾರೆ. ಮುಂದೆ ಪುಟ ಕಟ್ಟುವಾಗ ಹೆಚ್ಚು ಬೆಲೆ ಬರುವುದು ಅವುಗಳಿಗೇ.

ಕೋರೆಲ್‌ಡ್ರಾ ಫೈಲನ್ನು ಮಾತ್ರ ನೆಚ್ಚಿಕೊಳ್ಳಬಾರದು. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೇ ಬದಲಾಗುತ್ತವೆ. ಅಕ್ಷರಗಳನ್ನು ಕರ್ವ್‌ಗೆ ಬದಲಿಸಿದ ಒಂದು ಪಿಡಿಎಫ್ ಪ್ರತಿಯನ್ನೂ, ಪಠ್ಯವನ್ನು ಯೂನಿಕೋಡ್‌ನಲ್ಲಿ ಟೈಪಿಸಿದ ಒಂದು ಸಾದಾ ಫೈಲನ್ನೂ ಜೊತೆಗಿಟ್ಟರೆ ಎಷ್ಟು ವರ್ಷದ ನಂತರವಾದರೂ ಕೆಲಸಕ್ಕೆ ಬರುತ್ತದೆ.

ಯಾರ ಕೆಲಸ, ಯಾರ ಒಪ್ಪಿಗೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಸಂಬಳದ ನೌಕರಿಯಲ್ಲಿದ್ದುಕೊಂಡು ಮಾಡಿದ ಕೆಲಸದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸಕ್ಕಿಟ್ಟುಕೊಂಡವರೇ ಆಗಿರುತ್ತಾರೆ. ಸ್ವತಂತ್ರವಾಗಿ ಮಾಡಿಕೊಟ್ಟ ಬರಹದ ವಿಷಯ ಬೇರೆ: ಅದರ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಬರಹಗಾರರ ಸಹಿಯುಳ್ಳ ಲಿಖಿತ ಪತ್ರ ಬೇಕೆಂದು 19ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ಡಿಸೈನರ್ ಸಂಬಳಕ್ಕಿದ್ದವರು. ಆದ್ದರಿಂದ ಅವರು ಡಿಟಿಪಿ ಅಂಗಡಿಯ ಮಾಲೀಕರನ್ನೂ ಕೇಳಬೇಕು, ಕರದಂಟಿನ ಅಂಗಡಿಯವರನ್ನೂ ಕೇಳಬೇಕು.

ಕೇಳುವುದಕ್ಕೆ ದೊಡ್ಡ ಕರಾರುಪತ್ರವೇನೂ ಬೇಕಿಲ್ಲ. ವಾಟ್ಸಾಪಿನಲ್ಲಿ ಇಷ್ಟು ಬರೆದರೆ ಸಾಕು:

«ನಮಸ್ಕಾರ ಕಾಕಾ. ನಿಮ್ಮ ಕರದಂಟಿನ ಡಬ್ಬಿಗೆ ನಾನು ಮಾಡಿದ ಡಿಸೈನನ್ನ ನನ್ನ ಕೆಲಸದ ಮಾದರಿ ಅಂತ ಬೇರೆಯವರಿಗೆ ತೋರಿಸಬೇಕಂತ ಮಾಡೇನಿ. ಡಬ್ಬಿ ಫೋಟೋ ಮತ್ತ ಅಂಗಡಿ ಹೆಸರು ಅಷ್ಟ ಇರ್ತದ. ರೇಟು, ಲೆಕ್ಕ ಯಾವುದೂ ಇರಂಗಿಲ್ಲ. ಅಡ್ಡಿಯಿಲ್ಲ ಅಂದ್ರ ಇಲ್ಲೇ ಒಂದು ಮಾತು ಬರದು ಕಳಿಸ್ರಿ.»

ಉತ್ತರ ಬಂದ ಮೇಲೆ ಅದರ ಸ್ಕ್ರೀನ್‌ಶಾಟನ್ನು ಆ ಕೆಲಸದ ಫೋಲ್ಡರಿನಲ್ಲೇ ಇಡಬೇಕು. ಒಪ್ಪದವರ ಕೆಲಸವನ್ನು ಹೆಸರು ಅಳಿಸಿ ತೋರಿಸೋಣವೆಂದು ಅನ್ನಿಸಬಹುದು. ನಮ್ಮಂಥ ಊರುಗಳಲ್ಲಿ ಡಬ್ಬಿಯ ಬಣ್ಣ ನೋಡಿಯೇ ಅಂಗಡಿ ಗುರುತು ಹಿಡಿಯುತ್ತಾರಾದ್ದರಿಂದ ಅದು ಕೆಲಸಕ್ಕೆ ಬಾರದ ಉಪಾಯ. ಲಗ್ನಪತ್ರಿಕೆ ತೋರಿಸುವುದಾದರೆ ಮನೆ ವಿಳಾಸ ಮತ್ತು ಫೋನ್ ನಂಬರುಗಳನ್ನು ಮರೆಮಾಡಬೇಕು. ಶಾಲಾ ಮಕ್ಕಳ ಫೋಟೋ ಇರುವ ಗುರುತಿನ ಚೀಟಿಗಳನ್ನು ತೋರಿಸಲೇಬಾರದು.

ಕರದಂಟಿನ ಡಬ್ಬಿ: ಒಂದು ಪುಟ ಹೇಗೆ ಬೆಳೆಯುತ್ತದೆ

ಈಗ ಮುಖ್ಯ ಕೆಲಸಕ್ಕೆ ಬರೋಣ. ಹಳೆಯ ಡಬ್ಬಿ ಹೀಗಿತ್ತು ಎಂದುಕೊಳ್ಳಿ: ಕೆಂಪು ನೆಲ, ಉಬ್ಬಿದಂತೆ ಕಾಣುವ ಹಳದಿ ಅಕ್ಷರ, ಇಂಟರ್ನೆಟ್ಟಿನಿಂದ ಇಳಿಸಿದ ಗೋಡಂಬಿ ಬಾದಾಮಿಯ ಫೋಟೋ, ಮೂಲೆಯಲ್ಲಿ ಅಂಗಡಿಯ ಹೆಸರು. ಅಕ್ಕಪಕ್ಕದ ಅಂಗಡಿಗಳ ಡಬ್ಬಿಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದುದರಿಂದ, ಒಮ್ಮೆ ಒಯ್ದ ಗಿರಾಕಿ ಮತ್ತೆ ಬಂದಾಗ ಯಾವ ಅಂಗಡಿಯದ್ದೆಂದು ಗುರುತಿಸಲಾಗದೆ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಮಾಲೀಕರು ಕೇಳಿದ್ದು ಎರಡೇ: ನಮ್ಮ ಹೆಸರು ದೂರದಿಂದ ಕಾಣಬೇಕು, ಡಬ್ಬಿಯ ಖರ್ಚು ಈಗಿನದಕ್ಕಿಂತ ಏರಬಾರದು.

ಈ ಎರಡನೆಯ ಮಾತು ಪುಟದಲ್ಲಿ ಬರಲೇಬೇಕು, ಏಕೆಂದರೆ ಡಿಸೈನರ್ ತೆಗೆದುಕೊಂಡ ಪ್ರತಿ ನಿರ್ಧಾರವೂ ಅಲ್ಲಿಂದಲೇ ಹುಟ್ಟುತ್ತದೆ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಪ್ಲೇಟುಗಳು ಬೇಕು. ಎರಡು ಬಣ್ಣಕ್ಕೆ ಎರಡು ಸಾಕು. ಹೀಗಾಗಿ ಅವರು ಮೊದಲ ಕರಡಿನಲ್ಲಿ ಕರದಂಟಿನ ಬೆಲ್ಲದ ಬಣ್ಣವನ್ನೇ ನೆನಪಿಸುವ ಕಂದು ಮತ್ತು ಹಳದಿ ಎಂಬ ಎರಡು ಬಣ್ಣಗಳಿಗೆ ಇಳಿದರು. ಎರಡು ಬಣ್ಣದಲ್ಲಿ ಫೋಟೋ ನೈಜವಾಗಿ ಬರುವುದಿಲ್ಲವಾದ್ದರಿಂದ ಒಣಹಣ್ಣುಗಳ ಫೋಟೋ ಹೋಗಿ, ಗೆರೆಗಳಲ್ಲಿ ಬರೆದ ಚಿತ್ರ ಬಂತು.

ಆಗ ಒಂದು ತೊಡಕು ಎದುರಾಯಿತು. ಸಸ್ಯಾಹಾರದ ಗುರುತು, ಅಂದರೆ ಚೌಕದೊಳಗಿನ ಬೊಟ್ಟು, ಹಸಿರು ಬಣ್ಣದಲ್ಲೇ ಇರಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಕಂದು ಬಣ್ಣವನ್ನು ಮಾಂಸಾಹಾರದ ಗುರುತಿಗೆ ಮೀಸಲಿಡಲಾಗಿದೆ. ಕಂದು ಮತ್ತು ಹಳದಿ ಮಾತ್ರ ಇರುವ ಡಬ್ಬಿಯ ಮೇಲೆ ಆ ಗುರುತನ್ನು ಸರಿಯಾಗಿ ಮುದ್ರಿಸಲು ಸಾಧ್ಯವೇ ಇಲ್ಲ. ಮೂರನೆಯ ಬಣ್ಣ ಸೇರಿಸಿದರೆ ಖರ್ಚು ಏರುತ್ತದೆ. ಹೀಗಾಗಿ ಡಿಸೈನರ್ ಹಳದಿಯನ್ನೇ ಬಿಟ್ಟು ಹಸಿರನ್ನು ಎರಡನೆಯ ಬಣ್ಣವಾಗಿ ತೆಗೆದುಕೊಂಡರು, ಮತ್ತು ಆ ಹಸಿರನ್ನು ಗುರುತಿಗಷ್ಟೇ ಸೀಮಿತಗೊಳಿಸದೆ ಡಬ್ಬಿಯ ಸುತ್ತಲೂ ಇಳಕಲ್ ಸೀರೆಯ ದಡಿಯಂಥ ಪಟ್ಟಿಯಾಗಿ ಹರಿಸಿದರು. ರಸ್ತೆಬದಿಯ ಕೆಂಪು ಡಬ್ಬಿಗಳ ಸಾಲಿನಲ್ಲಿ ಆ ಹಸಿರು ಪಟ್ಟಿಯೇ ಅಂಗಡಿಯ ಗುರುತಾಯಿತು.

ಸಂದರ್ಶನದಲ್ಲಿ ಇದನ್ನು ಕೇಳಿದ ಯಾವ ಕಲಾ ನಿರ್ದೇಶಕರಿಗೂ, ಎದುರಿಗೆ ಕೂತವರು ಖರ್ಚು, ಕಾನೂನು, ಮುದ್ರಣ ಮೂರನ್ನೂ ಒಟ್ಟಿಗೆ ಯೋಚಿಸಬಲ್ಲರೆಂಬುದು ತಿಳಿಯುತ್ತದೆ. ಸಿದ್ಧವಾದ ಡಬ್ಬಿಯ ಚಿತ್ರವೊಂದನ್ನೇ ತೋರಿಸಿದ್ದರೆ ಅವರಿಗೆ ಕಾಣುತ್ತಿದ್ದುದು ಕಂದು ಹಸಿರಿನ ಒಂದು ಡಬ್ಬಿ ಮಾತ್ರ.

ಎರಡನೆಯ ತೊಡಕು ಕನ್ನಡ ಅಕ್ಷರದ್ದು. ಫೈಲ್ ಮುದ್ರಣಾಲಯಕ್ಕೆ ಹೋಗಿ ಬಂದ ಪ್ರೂಫಿನಲ್ಲಿ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದವು, ಏಕೆಂದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಕರ್ವ್‌ಗೆ ಬದಲಿಸಿ ಕಳಿಸಿದಾಗ ಅದು ಸರಿಹೋಯಿತು. ಆದರೆ ಕಂದು ನೆಲದ ಮೇಲೆ ಬಿಳಿಯಾಗಿ ಬಿಟ್ಟಿದ್ದ ಪದಾರ್ಥಗಳ ಪಟ್ಟಿಯಲ್ಲಿ ಒತ್ತುಗಳ ಸಣ್ಣ ಸಂದುಗಳು ಮಸಿ ತುಂಬಿ ಮುಚ್ಚಿಹೋಗಿದ್ದವು. ಆರು ಪಾಯಿಂಟಿನ ಇಂಗ್ಲಿಷ್ ಓದಲು ಬಂದರೂ ಅದೇ ಅಳತೆಯ ಕನ್ನಡ ಬರುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಒತ್ತೂ ದೀರ್ಘವೂ ಅದೇ ಎತ್ತರದಲ್ಲಿ ಹಿಡಿಸಬೇಕು. ಅವರು ಅಕ್ಷರವನ್ನು ಎಂಟು ಪಾಯಿಂಟಿಗೆ ಏರಿಸಿ, ಬಿಳಿ ನೆಲದ ಮೇಲೆ ಕಂದು ಮಸಿಯಲ್ಲಿ ಮುದ್ರಿಸಿದರು. ಇದಕ್ಕೆ ಜಾಗ ಬೇಕಲ್ಲ? ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಬೇರೆ ಭಾಷೆ ಬಳಸಬಹುದು ಎಂಬುದು ನಿಯಮವಾದ್ದರಿಂದ ಕನ್ನಡವೊಂದನ್ನೇ ಇಡುವ ಹಾಗಿರಲಿಲ್ಲ. ಹಿಂಬದಿಯನ್ನು ಇಂಗ್ಲಿಷಿಗೆ, ಒಂದು ಪಕ್ಕವನ್ನು ಪೂರ್ತಿ ಕನ್ನಡಕ್ಕೆ ಬಿಟ್ಟುಕೊಟ್ಟು, ಆ ಪಕ್ಕದಲ್ಲಿದ್ದ ದೇವರ ಚಿತ್ರವನ್ನು ಮುಚ್ಚಳದ ಮಡಿಕೆಗೆ ಸರಿಸಿದರು. ಮಾಲೀಕರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ ಎಂಬುದನ್ನೂ ಪುಟದಲ್ಲಿ ಒಂದು ಸಾಲಿನಲ್ಲಿ ಬರೆಯಬಹುದು. ಗಿರಾಕಿಯನ್ನು ಒಪ್ಪಿಸುವುದೂ ಕೆಲಸದ ಭಾಗವೇ.

ಪುಟದಲ್ಲಿ ಇವೆಲ್ಲ ಈ ಕ್ರಮದಲ್ಲಿ ಬಂದರೆ ಓದಲು ಸುಲಭ. ಮೇಲೆ ಸಿದ್ಧ ಡಬ್ಬಿಯ ಒಂದು ದೊಡ್ಡ ಫೋಟೋ. ಅದರ ಕೆಳಗೆ ಕೆಲಸ ಯಾವುದು, ಯಾರಿಗೆ, ನಿಮ್ಮ ಪಾಲೆಷ್ಟು ಎಂಬ ಎರಡು ಸಾಲು. ಆಮೇಲೆ ಹಳೆಯ ಡಬ್ಬಿ ಮತ್ತು ಹೊಸ ಡಬ್ಬಿ ಅಕ್ಕಪಕ್ಕ. ನಂತರ ಒತ್ತು ಮುಚ್ಚಿಹೋದ ಪ್ರೂಫ್ ಮತ್ತು ತಿದ್ದಿದ ಮುದ್ರಣ, ಎರಡನ್ನೂ ಹತ್ತಿರದಿಂದ ತೆಗೆದದ್ದು. ಕೊನೆಗೆ ಮಡಿಕೆ ಮತ್ತು ಕಟಿಂಗ್ ಗೆರೆಗಳ ಸಮೇತ ಬಿಚ್ಚಿಟ್ಟ ಹಾಳೆ. ಬರಹ ಒಟ್ಟು ನೂರೈವತ್ತು ಪದಗಳನ್ನು ದಾಟದಿರಲಿ.

ಆ ಎರಡು ಸಾಲುಗಳ ಬಗ್ಗೆ ವಿಶೇಷ ಎಚ್ಚರ ಬೇಕು. «ನಾನು ಈ ಡಬ್ಬಿಯನ್ನು ಅತ್ಯಂತ ಆಕರ್ಷಕವಾಗಿ, ಆಧುನಿಕವಾಗಿ ವಿನ್ಯಾಸಗೊಳಿಸಿದ್ದೇನೆ» ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. «ಅರ್ಧ ಕಿಲೋ ಕರದಂಟಿನ ಡಬ್ಬಿ, ಎರಡು ಬಣ್ಣದ ಆಫ್‌ಸೆಟ್. ವಿನ್ಯಾಸ, ಗೆರೆಚಿತ್ರ ಮತ್ತು ಮುದ್ರಣದ ಫೈಲ್ ನನ್ನದು; ಕಟಿಂಗ್ ಡೈ ಮುದ್ರಣಾಲಯದ್ದು; ನಾನು ಡಿಟಿಪಿ ಅಂಗಡಿಯ ಉದ್ಯೋಗಿಯಾಗಿದ್ದಾಗ ಮಾಡಿದ್ದು» ಎಂದರೆ ಎಲ್ಲವೂ ತಿಳಿಯುತ್ತದೆ. ಇನ್ನೊಬ್ಬರ ಪಾಲನ್ನು ಹೆಸರಿಸಿದವರು ತಮ್ಮದೆಂದು ಹೇಳಿಕೊಂಡದ್ದನ್ನು ನೋಡುವವರು ಹೆಚ್ಚು ನಂಬುತ್ತಾರೆ. ಫಲಿತಾಂಶದ ವಿಷಯದಲ್ಲಿಯೂ ಅಷ್ಟೇ: ಮಾರಾಟ ಇಷ್ಟು ಪಟ್ಟು ಹೆಚ್ಚಿತು ಎಂದು ಲೆಕ್ಕವಿಲ್ಲದೆ ಬರೆಯಬಾರದು. ಅದೇ ವಿನ್ಯಾಸದಲ್ಲಿ ಕಾಲು ಕಿಲೋ ಡಬ್ಬಿಯನ್ನೂ ಮಾಡಿಸಿದರು ಎಂಬಂಥ, ಕೇಳಿದರೆ ತೋರಿಸಬಹುದಾದ ಸಂಗತಿ ಇದ್ದರೆ ಅದನ್ನೇ ಹೇಳಿ ನಿಲ್ಲಿಸಬೇಕು.

ಫೋಟೋ

ನಿಜವಾದ ಡಬ್ಬಿಯ ಫೋಟೋ ತೆಗೆಯಿರಿ. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಮಾಕಪ್‌ಗಳನ್ನು ಅರ್ಜಿ ನೋಡುವವರು ಅದೆಷ್ಟೋ ಸಲ ನೋಡಿರುತ್ತಾರೆ, ಮತ್ತು ಡಬ್ಬಿ ನಿಜಕ್ಕೂ ಮುದ್ರಣವಾಯಿತೋ ಇಲ್ಲವೋ ಎಂಬ ಸಂಶಯ ಅದರಿಂದಲೇ ಹುಟ್ಟುತ್ತದೆ. ಸ್ಟುಡಿಯೊ ಬೇಕಾಗಿಲ್ಲ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಒಂದು ದೊಡ್ಡ ಬಿಳಿ ಡ್ರಾಯಿಂಗ್ ಹಾಳೆಯನ್ನು ಗೋಡೆಯಿಂದ ಮೇಜಿನ ಮೇಲೆ ಮಡಿಕೆ ಬೀಳದಂತೆ ಇಳಿಬಿಡಿ. ಕಿಟಕಿಗೆ ಎದುರಾದ ಬದಿಯಲ್ಲಿ ಇನ್ನೊಂದು ಬಿಳಿ ಹಾಳೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಫೋನನ್ನು ಡಬ್ಬಿಯ ಹತ್ತಿರ ಹಿಡಿದರೆ ಅಂಚುಗಳು ಬಾಗಿದಂತೆ ಕಾಣುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಬೇಕು. ಫ್ಲ್ಯಾಶ್ ಬಳಸಿದರೆ ಲ್ಯಾಮಿನೇಷನ್ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ.

ಬರಹಗಾರರಾದರೆ

ಬರಹಗಾರರ ಪುಟವೂ ಇದೇ ಜಾಡಿನದು, ಆದರೆ ತೋರಿಸುವ ಸಾಕ್ಷಿ ಬೇರೆ. ಪತ್ರಿಕೆಯಲ್ಲಿ ಬಂದ ಲೇಖನವಾದರೆ ಜಾಲತಾಣದ ಲಿಂಕನ್ನು ಮಾತ್ರ ಕೊಡಬಾರದು. ತಾಣ ಬದಲಾದಾಗ ಹಳೆಯ ಲಿಂಕುಗಳು ಸಾಯುತ್ತವೆ. ಪ್ರಕಟವಾದ ದಿನವೇ ಪಿಡಿಎಫ್ ಮಾಡಿಟ್ಟುಕೊಂಡು, web.archive.org ತಾಣದಲ್ಲಿಯೂ ಒಂದು ಪ್ರತಿ ಉಳಿಸಬೇಕು. ಮುದ್ರಿತ ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪತ್ರಿಕೆಯ ಹೆಸರು, ಆವೃತ್ತಿ, ತಾರೀಖು ಬರೆದಿಡಬೇಕು.

ಕೂಲಿಯ ಬರಹಕ್ಕೆ, ಅಂದರೆ ಜಾಹೀರಾತು, ಸೂಚನೆ, ಕೈಪಿಡಿಗಳ ಕೆಲಸಕ್ಕೆ ಅರ್ಜಿ ಹಾಕುವವರು ತಿದ್ದುವ ಮೊದಲಿನ ಮತ್ತು ತಿದ್ದಿದ ನಂತರದ ಪಠ್ಯವನ್ನು ಅಕ್ಕಪಕ್ಕ ಇಡುವುದು ಒಳ್ಳೆಯದು. ಒಂದು ಬ್ಯಾಂಕಿನ ಸೂಚನೆಯನ್ನು ನೋಡಿ:

ಮೊದಲು: «ಗ್ರಾಹಕರು ತಮ್ಮ ಖಾತೆಗೆ ಸಂಬಂಧಿಸಿದ ಕೆವೈಸಿ ಪರಿಷ್ಕರಣೆಯನ್ನು ಮಾಡಿಸಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಖಾತೆಯ ವ್ಯವಹಾರವನ್ನು ಸ್ಥಗಿತಗೊಳಿಸಲಾಗುವುದು.»

ನಂತರ: «ನಿಮ್ಮ ಆಧಾರ್ ಕಾರ್ಡ್ ಮತ್ತು ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಬನ್ನಿ. ಕೆವೈಸಿ ಮಾಡಿಸದಿದ್ದರೆ ನಿಮ್ಮ ಖಾತೆಯಿಂದ ಹಣ ತೆಗೆಯಲು ಬರುವುದಿಲ್ಲ.»

ಇದರ ಕೆಳಗೆ, ಓದುಗರು ಏನು ತರಬೇಕೆಂಬುದು ಮೊದಲಿನ ಪಠ್ಯದಲ್ಲಿ ಇರಲಿಲ್ಲ, ಆ ಪಟ್ಟಿಯನ್ನು ಬ್ಯಾಂಕಿನವರಿಂದ ಕೇಳಿ ಸೇರಿಸಿದೆ ಎಂದು ಒಂದು ಸಾಲು ಬರೆದರೆ ಸಾಕು. ಭಾಷೆ ಸರಳಗೊಳಿಸುವುದಷ್ಟೇ ಅಲ್ಲದೆ ಬಿಟ್ಟುಹೋದ ಮಾಹಿತಿಯನ್ನು ಕೇಳುವ ಅಭ್ಯಾಸವೂ ನಿಮಗಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಬರಹಗಾರರು ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪಿಸಿದ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿಯೇ ಕಳಿಸಬೇಕು. ಫಾಂಟ್ ಇಲ್ಲದ ಕಡೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಡಿಸೈನರ್‌ಗಳಿಗೂ ಇಲ್ಲಿ ಒಂದು ಮಾತು: ಅಡೋಬಿ ಇಂಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಒಡೆದರೆ, ಪ್ಯಾರಾಗ್ರಾಫ್ ಪಟ್ಟಿಯಲ್ಲಿ Adobe World-Ready Paragraph Composer ಆರಿಸಿದಾಗ ಸರಿಯಾಗುತ್ತವೆ.

ಗಿರಾಕಿ ಕೊಟ್ಟ ಕೆಲಸವೇ ಇಲ್ಲದಿದ್ದರೆ

ಆಗತಾನೇ ಕಲಿತು ಬಂದವರು ಸ್ವಂತವಾಗಿ ಕೆಲಸ ಹುಡುಕಿಕೊಳ್ಳಬಹುದು. ಆದರೆ ದೊಡ್ಡ ಕಂಪನಿಯೊಂದರ ಲೋಗೋವನ್ನು ತಾವೇ ಬದಲಿಸಿ ತೋರಿಸುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಅಲ್ಲಿ ಖರ್ಚಿನ ಮಿತಿಯೂ ಇಲ್ಲ, ಬೇಡವೆನ್ನುವ ಗಿರಾಕಿಯೂ ಇಲ್ಲ. ಕೈಗೆ ಸಿಗುವ ಸಣ್ಣ ತೊಂದರೆಯನ್ನು ಆರಿಸಿಕೊಳ್ಳಿ: ಇಂಡಿ ತಾಲೂಕಿನ ನಿಂಬೆಯ ಉಪ್ಪಿನಕಾಯಿ ಮಾಡುವ ಸ್ವಸಹಾಯ ಸಂಘದ ಬಾಟಲಿಗೆ ಒಂದು ಲೇಬಲ್, ಅಥವಾ ನಿಮ್ಮೂರಿನ ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕ. ಫಲಕವನ್ನು ನಿಜವಾದ ಅಳತೆಯಲ್ಲಿ ಹಾಳೆ ಜೋಡಿಸಿ ಮುದ್ರಿಸಿ, ಗೋಡೆಗೆ ಅಂಟಿಸಿ, ಹತ್ತು ಅಡಿ ದೂರದಿಂದ ಮನೆಯ ಹಿರಿಯರಿಗೆ ಓದಿಸಿ ನೋಡಬೇಕು. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಏನು ಬದಲಿಸಿದಿರೆಂಬುದೇ ನಿಮ್ಮ ಪುಟದ ಹೂರಣ. ಇಂಥ ಪುಟದ ಮೇಲೆ «ಸ್ವಂತ ಅಭ್ಯಾಸ» ಎಂದು ಸ್ಪಷ್ಟವಾಗಿ ಬರೆದಿರಬೇಕು.

ಒಂದೇ ಸಂಗ್ರಹ, ಎರಡು ರೂಪ

ನೌಕರಿ ಕೊಡುವವರೂ ಬಿಡಿ ಕೆಲಸ ಕೊಡುವವರೂ ಒಂದೇ ಬಗೆಯಲ್ಲಿ ನೋಡುವುದಿಲ್ಲ. ನೌಕರಿಗಾಗಿ ಕಳಿಸುವಾಗ ಐದಾರು ಪುಟಗಳು ಸಾಕು, ಪ್ರತಿಯೊಂದೂ ಮೇಲೆ ಹೇಳಿದಷ್ಟು ವಿವರವಾಗಿರಬೇಕು. ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲು, ಅದರ ನಂತರದ್ದು ಕೊನೆಗೆ ಇರಲಿ. ನಡುವೆ ಬಿಟ್ಟುಹೋದರೂ ಈ ಎರಡನ್ನು ನೋಡಿಯೇ ಇರುತ್ತಾರೆ. ಲ್ಯಾಪ್‌ಟಾಪಿನಲ್ಲಿ ನೋಡುವುದರಿಂದ ಅಡ್ಡ ಪುಟ, 1920×1080 ಅಳತೆ, ಹತ್ತು ಎಂಬಿಯೊಳಗಿನ ಪಿಡಿಎಫ್ ಅನುಕೂಲ.

ಬೆಳಗಾವಿಯ ಖಡೇಬಜಾರಿನ ವ್ಯಾಪಾರಿಯೊಬ್ಬರು ನೋಡುವುದು ಫೋನಿನಲ್ಲಿ, ಅದೂ ಗಿರಾಕಿಗಳ ನಡುವೆ. ಅವರಿಗೆ ಪ್ರಕ್ರಿಯೆಯ ಕಥೆ ಬೇಡ. ತಮ್ಮಂಥ ಅಂಗಡಿಗೆ ಮಾಡಿದ ಕೆಲಸ, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಸಲ ತಿದ್ದಿಕೊಡುತ್ತೀರಿ, ಮುದ್ರಣವನ್ನೂ ಮಾಡಿಸಿಕೊಡುತ್ತೀರಾ ಎಂಬುದು ಬೇಕು. ಅವರಿಗಾಗಿ ಅದೇ ಕೆಲಸಗಳ ಒಂದೊಂದು ಫೋಟೋ ಇರುವ, ನಿಲುವಾದ ನಾಲ್ಕು ಪುಟಗಳ ಪಿಡಿಎಫ್ ಮಾಡಿ. ವಾಟ್ಸಾಪಿನಲ್ಲಿ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೋ ಆಗಿ ಕಳಿಸಿದರೆ ಕುಗ್ಗಿಹೋಗಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ದರವನ್ನು ಪಿಡಿಎಫ್‌ನಲ್ಲಿ ಬರೆಯದಿರುವುದೇ ಲೇಸು, ಏಕೆಂದರೆ ಆ ಫೈಲ್ ಕೈಯಿಂದ ಕೈಗೆ ಹೋಗಿ ಎರಡು ವರ್ಷದ ಮೇಲೂ ಅದೇ ದರಕ್ಕೆ ಕೇಳುವವರು ಬರುತ್ತಾರೆ.

ಡ್ರೈವ್ ಲಿಂಕ್ ಕಳಿಸುವುದಾದರೆ ಹಂಚಿಕೆಯಲ್ಲಿ Anyone with the link ಎಂದಿರುವುದನ್ನು ಖಚಿತಪಡಿಸಿಕೊಂಡು, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಬೇಕು. ಅನುಮತಿ ಕೇಳುವ ಪರದೆ ಬಂದರೆ ನೋಡುವವರು ಅನುಮತಿ ಕೇಳಿ ಕಾಯುತ್ತಾ ಕೂರುವುದಿಲ್ಲ. ಫೈಲಿಗೆ final_new2.pdf ಎಂಬಂಥ ಹೆಸರಿನ ಬದಲು ನಿಮ್ಮ ಹೆಸರು ಮತ್ತು ಕೆಲಸದ ಬಗೆ ಇರಲಿ.

ಕಳಿಸಿದ ಮೇಲೆ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಗಮನಿಸಿದರೆ ಏನು ತಿದ್ದಬೇಕೆಂಬುದು ಗೊತ್ತಾಗುತ್ತದೆ. ಹತ್ತಾರು ಕಡೆಯಿಂದ ಉತ್ತರವೇ ಬರದಿದ್ದರೆ ಮೊದಲ ಪುಟವನ್ನೂ ಜೊತೆಗಿನ ಇಮೇಲನ್ನೂ ಬದಲಿಸಬೇಕು. ಒಳಗಿನ ಪುಟಗಳನ್ನು ಇನ್ನೂ ಯಾರೂ ನೋಡಿಯೇ ಇರಲಿಕ್ಕಿಲ್ಲ. ಸಂದರ್ಶನಕ್ಕೆ ಕರೆದು ಆಮೇಲೆ ಬಿಡುತ್ತಿದ್ದರೆ, ಅಲ್ಲಿ ಕೇಳಿದ ಪ್ರಶ್ನೆಗಳನ್ನು ಹೊರಗೆ ಬಂದ ಕೂಡಲೇ ಬರೆದಿಟ್ಟುಕೊಳ್ಳಿ: ಈ ಹಸಿರು ಏಕೆ ಎಂದು ಇಬ್ಬರು ಕೇಳಿದ್ದರೆ, ಆ ಉತ್ತರ ಪುಟದಲ್ಲಿಲ್ಲ ಎಂದೇ ಅರ್ಥ. ಬಿಡಿ ಕೆಲಸದ ಗಿರಾಕಿಗಳು ಬರೀ ಲಗ್ನಪತ್ರಿಕೆಯನ್ನೇ ಕೇಳಿಕೊಂಡು ಬರುತ್ತಿದ್ದರೆ, ಲಗ್ನಪತ್ರಿಕೆಯ ಪುಟವನ್ನು ತೆಗೆದುಹಾಕಿ, ಮುಂದೆ ನಿಮಗೆ ಯಾವ ಕೆಲಸ ಬರಬೇಕೋ ಅದನ್ನು ಆ ಜಾಗದಲ್ಲಿಡಿ.